12ನೇ ವಾರದ ಆಸ್ಪಿರಿನ್: ಯಾರಿಗೆ ಬೇಕು, ತಡವಾದರೆ ಯಾಕೆ ಅಷ್ಟಾಗಿ ಕೆಲಸಕ್ಕೆ ಬರಲ್ಲ

ಪುಣೆಯ ಪಿಂಪ್ರಿ-ಚಿಂಚ್‌ವಡ ಕಡೆ ಪ್ರಸೂತಿ ವೈದ್ಯೆಯಾಗಿ ಕೆಲಸ ಮಾಡುವ ನನ್ನ ಹತ್ತಿರ ಬರುವ ಕನ್ನಡದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು. ಗಂಡ ಭೋಸರಿಯಲ್ಲೋ ಚಾಕಣದಲ್ಲೋ ಕಾರ್ಖಾನೆಗೆ ಹೋಗುತ್ತಾನೆ, ಇಲ್ಲಾ ಕಟ್ಟಡದ ಕೆಲಸ. ಬಸಿರಿಯ ಮೊದಲ ತಿಂಗಳುಗಳು ಇಲ್ಲಿ ಕಳೆಯುತ್ತವೆ, ಕೊನೆಯ ತಿಂಗಳುಗಳು ತವರಿನಲ್ಲಿ. ಬಸಿರಿನಲ್ಲಿ ಬಿಪಿ ಏರಿ ಅಪಾಯ ತರುವ ಪ್ರಿಎಕ್ಲಾಂಪ್ಸಿಯಾ ಬರದಿರಲಿ ಅಂತ ಕೆಲವರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುತ್ತೇವೆ. ಅದರ ವಿಷಯದಲ್ಲಿ ಈ ಎರಡು ಊರಿನ ಓಡಾಟ ಬಹಳ ಮುಖ್ಯ. ಯಾಕೆ ಅನ್ನುವುದನ್ನು ಒಬ್ಬ ಹೆಣ್ಣುಮಗಳ ಕಥೆ ಹಿಡಿದುಕೊಂಡೇ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಆಕೆಗೆ 26 ವರ್ಷ. ಇಂಡಿ ತಾಲೂಕಿನವಳು. ಆಗಸ್ಟ್ 5ಕ್ಕೆ ಅತ್ತೆಯ ಜೊತೆ ಬಂದಳು. ಮನೆಯಲ್ಲೇ ಪರೀಕ್ಷೆ ಮಾಡಿಕೊಂಡಿದ್ದಳು, ಎರಡು ಗೆರೆ ಬಂದಿತ್ತು. ಕಡೆಯ ಸಲ ಮುಟ್ಟಾಗಿದ್ದು ಯಾವಾಗ ಅಂದರೆ, "ಕಾರಹುಣ್ಣಿಮಿ ದಿವಸರೀ ಬಾಯಾರ, ಇಲ್ಲೆ ಹೆಣ್ಣಮಕ್ಕಳು ಆಲದ ಗಿಡಕ್ಕ ದಾರ ಸುತ್ತತಿದ್ರು" ಅಂದಳು. ಕಾರಹುಣ್ಣಿಮೆ, ಇಲ್ಲಿಯವರ ವಟಪೂರ್ಣಿಮೆ, ಎರಡೂ ಒಂದೇ ದಿನ. ಪಂಚಾಂಗ ನೋಡಿದೆ, ಜೂನ್ 10. ಅಂದರೆ ಅವತ್ತಿಗೆ ಸರಿಯಾಗಿ ಎಂಟು ವಾರ.

ಬಿಪಿ 116/74. ಎಲ್ಲ ಚೆನ್ನಾಗಿದೆ ಅನ್ನಿಸುವಂಥ ಅಂಕಿ. "ಬಿಪಿ ಏನಾದರೂ ಇದೆಯಾ?" ಅಂತ ನಮ್ಮ ನರ್ಸ್ ಕೇಳಿದ್ದಳು, "ಇಲ್ಲ" ಅಂದಿದ್ದಳು. ಸುಳ್ಳಲ್ಲ, ಈಗ ಇಲ್ಲ ತಾನೇ. ಆದರೆ ಇದು ಎರಡನೇ ಬಸಿರು ಅಂತ ಕಾಗದದಲ್ಲಿತ್ತು, ಜೊತೆಗೆ ಮಗು ಮಾತ್ರ ಇರಲಿಲ್ಲ. ಅದನ್ನು ಕೇಳಿದೆ. "ಏಳು ತಿಂಗಳಿಗೇ ಹಡದೆರೀ. ಒಂಬತ್ತು ದಿವಸ ಪೆಟ್ಟಿಗ್ಯಾಗ ಇಟ್ಟಿದ್ರು. ಉಳೀಲಿಲ್ಲ."

ಏಳು ತಿಂಗಳಿಗೆ ಯಾಕೆ ಹೆರಿಗೆ ಆಯಿತು? ತಾನಾಗೇ ನೋವು ಬಂತಾ, ಅಥವಾ ಡಾಕ್ಟರೇ ಮಾಡಿಸಿದರಾ? ಈ ಒಂದು ಪ್ರಶ್ನೆಗೆ ಎಲ್ಲ ಹೊರಗೆ ಬಂತು. ಮುಖ ಬಾತಿತ್ತು, ಎರಡು ದಿನದಿಂದ ತಲೆ ಸಿಡಿಯುತ್ತಿತ್ತು, ಕಣ್ಣು ಮಂಜಾಗಿತ್ತು. ದವಾಖಾನೆಗೆ ಹೋದಾಗ ಬಿಪಿ 170ರ ಮೇಲೆ. "ತಾಯಿನರ ಉಳಸ್ಕೋಬೇಕು" ಅಂತ ಹೇಳಿ ಅವತ್ತೇ ಹೆರಿಗೆ ಮಾಡಿಸಿದ್ದರು. ಮಗು ಒಂದು ಕಿಲೋ ಮೇಲೆ ಸ್ವಲ್ಪ ಇತ್ತಂತೆ. ಆಗಿನ ಚೀಟಿ ಯಾವುದೂ ಅವಳ ಹತ್ತಿರ ಇರಲಿಲ್ಲ.

ಇದು ಪ್ರಿಎಕ್ಲಾಂಪ್ಸಿಯಾ. 20 ವಾರ ದಾಟಿದ ಮೇಲೆ ಬಿಪಿ 140/90 ಅಥವಾ ಅದಕ್ಕಿಂತ ಮೇಲಕ್ಕೆ ಹೋಗಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುವುದು, ಅಥವಾ ಲಿವರ್, ಕಿಡ್ನಿ, ಮಿದುಳು, ಪ್ಲೇಟ್‌ಲೆಟ್ ಇವುಗಳಿಗೆ ತೊಂದರೆಯಾಗುವುದು. ಇನ್ನೂ ಹದಗೆಟ್ಟರೆ ಫಿಟ್ಸ್ ಬರುತ್ತದೆ. ಒಮ್ಮೆ ಬಂದವರಿಗೆ, ಅದರಲ್ಲೂ ಇಷ್ಟು ಬೇಗ ಬಂದವರಿಗೆ, ಮುಂದಿನ ಬಸಿರಿನಲ್ಲಿ ಮತ್ತೆ ಬರುವ ಸಾಧ್ಯತೆ ಉಳಿದವರಿಗಿಂತ ಬಹಳ ಜಾಸ್ತಿ. ಹಾಗಾಗಿ ಇವಳ 116/74 ನನಗೆ ಯಾವ ಸಮಾಧಾನವನ್ನೂ ಕೊಡಲಿಲ್ಲ. ಆಸ್ಪಿರಿನ್ ಕೊಡುವುದು ಬಿಪಿ ಏರಿದೆ ಅಂತಲ್ಲ, ಏರದಿರಲಿ ಅಂತ. ಬಿಪಿ ಏರಿದ ಮೇಲೆ ಕೊಟ್ಟರೆ ಅದು ಇಳಿಸುವುದೂ ಇಲ್ಲ.

ಯಾಕೆ ಹಾಗೆ? ಗರ್ಭಕೋಶದ ಗೋಡೆಯಲ್ಲಿ ಸುರುಳಿ ಸುತ್ತಿಕೊಂಡ ಸಣ್ಣ ರಕ್ತನಾಳಗಳಿವೆ. ಬಸಿರಾಗುವ ಮುಂಚೆ ಅವು ಕಿರಿದು, ಗೋಡೆ ದಪ್ಪ, ಬೇಕಾದಾಗ ಬಿಗಿಯುತ್ತವೆ. ಬಸಿರು ನಿಂತ ಮೇಲೆ ಮಾಸುವಿನ ಕೋಶಗಳು ಆ ನಾಳಗಳ ಒಳಗೆ ಇಳಿದು, ಅವುಗಳ ಸ್ನಾಯುವಿನ ಪದರವನ್ನು ತೆಗೆದು, ಅಗಲ ಮಾಡಿಬಿಡುತ್ತವೆ. ಹೊಲಕ್ಕೆ ನೀರು ಬಿಡುವ ಮುಂಚೆ ಕಾಲುವೆಯ ಹೂಳು ತೆಗೆದು ಅಗಲ ಮಾಡಿದ ಹಾಗೆ. ಆಮೇಲೆ ನೀರು ನಿಧಾನವಾಗಿ, ತುಂಬಿ ಹರಿಯುತ್ತದೆ. ಈ ಕೆಲಸ ಮೊದಲ ಮೂರು ತಿಂಗಳಲ್ಲಿ ಶುರುವಾಗಿ ಹೆಚ್ಚುಕಡಿಮೆ ಐದನೇ ತಿಂಗಳಿನ ಹೊತ್ತಿಗೆ ಮುಗಿದಿರುತ್ತದೆ. ಅದು ಅರ್ಧಕ್ಕೆ ನಿಂತರೆ ನಾಳ ಕಿರಿದಾಗಿಯೇ ಉಳಿಯುತ್ತದೆ. ಮಾಸುವಿಗೆ ರಕ್ತ ಸಾಲದೆ ಬರುತ್ತದೆ, ಬಂದದ್ದೂ ರಭಸದಿಂದ ಬಂದು ಅದನ್ನು ನೋಯಿಸುತ್ತದೆ. ನೊಂದ ಮಾಸು ತಾಯಿಯ ರಕ್ತಕ್ಕೆ ಕೆಲವು ವಸ್ತುಗಳನ್ನು ಬಿಡುತ್ತದೆ, ಅವು ಅವಳ ಮೈಯೆಲ್ಲದರ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ನಮ್ಮ ಕಣ್ಣಿಗೆ ಬೀಳುವ ಬಿಪಿ, ಬಾವು, ತಲೆನೋವು ಎಲ್ಲ ಈ ಕೊನೆಯ ಹಂತದವು. ಬೇರು ಕೆಟ್ಟಿದ್ದು ನಾಲ್ಕು ತಿಂಗಳ ಹಿಂದೆ.

ಸಣ್ಣ ಪ್ರಮಾಣದ ಆಸ್ಪಿರಿನ್ ರಕ್ತದ ಪ್ಲೇಟ್‌ಲೆಟ್‌ಗಳ ಮೇಲೆ ಕೆಲಸ ಮಾಡುತ್ತದೆ. ನಾಳವನ್ನು ಬಿಗಿಸುವ, ರಕ್ತವನ್ನು ಗಡ್ಡೆ ಕಟ್ಟಿಸುವ ಥ್ರಾಂಬಾಕ್ಸೇನ್ ಎಂಬ ವಸ್ತುವನ್ನು ತಗ್ಗಿಸುತ್ತದೆ. ನಾಳವನ್ನು ಸಡಿಲಿಸುವ ಪ್ರೋಸ್ಟಾಸೈಕ್ಲಿನ್ ಅನ್ನು ಅಷ್ಟಾಗಿ ಮುಟ್ಟುವುದಿಲ್ಲ. ಮಾಸು ಬೇರೂರುವ ಕಾಲದಲ್ಲೇ ಈ ಸಹಾಯ ಸಿಗಬೇಕು. ಕಾಲುವೆ ಕೆಲಸ ಮುಗಿದ ಮೇಲೆ ಗುದ್ದಲಿ ಕಳಿಸಿ ಏನು ಪ್ರಯೋಜನ?

ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು 2017ರಲ್ಲಿ ಪ್ರಕಟವಾದ ಆಸ್ಪ್ರೆ ಎಂಬ ಪ್ರಯೋಗ. ಅಪಾಯ ಜಾಸ್ತಿ ಇದ್ದ ಗರ್ಭಿಣಿಯರಿಗೆ 11ರಿಂದ 14ನೇ ವಾರದೊಳಗೆ ಶುರುಮಾಡಿ 36ನೇ ವಾರದವರೆಗೆ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು. ಇನ್ನೊಂದು ಗುಂಪಿಗೆ ನೋಡಲು ಹಾಗೇ ಇರುವ, ಔಷಧ ಇಲ್ಲದ ಗುಳಿಗೆ. 37 ವಾರ ತುಂಬುವ ಮುಂಚೆ ಹೆರಿಗೆ ಮಾಡಿಸಬೇಕಾಗುವಂಥ ಪ್ರಿಎಕ್ಲಾಂಪ್ಸಿಯಾ, ಔಷಧ ಇಲ್ಲದ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 4.3 ಇತ್ತು, ಆಸ್ಪಿರಿನ್ ತೆಗೆದುಕೊಂಡವರಲ್ಲಿ 1.6. ಆದರೆ 37 ವಾರದ ಮೇಲೆ ಬರುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಎರಡನೇ ಮಾತನ್ನು ನೆನಪಿಟ್ಟುಕೊಳ್ಳಿ, ಕಥೆಯ ಕೊನೆಗೆ ಬೇಕಾಗುತ್ತದೆ.

ಹಾಗಾದರೆ ಎಂಟನೇ ವಾರಕ್ಕೇ ಕೊಟ್ಟುಬಿಡಬಹುದಲ್ವಾ? ಪ್ರಿಎಕ್ಲಾಂಪ್ಸಿಯಾಗೆ ಅಷ್ಟು ಬೇಗ ಕೊಟ್ಟರೆ ಇನ್ನೂ ಜಾಸ್ತಿ ಲಾಭ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಮೊದಲ ವಾರಗಳಲ್ಲಿ ಸ್ವಲ್ಪ ರಕ್ತ ಕಾಣಿಸಿಕೊಳ್ಳುವುದು ಎಷ್ಟೋ ಜನಕ್ಕೆ ಇರುತ್ತದೆ, ಆಗ ಈ ಗುಳಿಗೆ ಇನ್ನಷ್ಟು ಗೊಂದಲ ತರುತ್ತದೆ. ಪದೇಪದೇ ಗರ್ಭಪಾತ ಆದವರಿಗೆ, ರಕ್ತ ಸುಲಭವಾಗಿ ಗಡ್ಡೆ ಕಟ್ಟುವ ಆಂಟಿಫಾಸ್ಫೋಲಿಪಿಡ್ ತೊಂದರೆ ಇರುವವರಿಗೆ ಬೇಗ ಶುರುಮಾಡುತ್ತಾರೆ. ಅದರ ಲೆಕ್ಕವೇ ಬೇರೆ. ಉಳಿದವರಿಗೆ 12 ವಾರ ತುಂಬಿದ ದಿನದಿಂದ, 16 ವಾರ ತುಂಬುವ ಮುಂಚೆ. ಅಮೆರಿಕದ ಪ್ರಸೂತಿ ವೈದ್ಯರ ಸಂಘ 28ನೇ ವಾರದವರೆಗೂ ಶುರುಮಾಡಬಹುದು ಅನ್ನುತ್ತದೆ, ಆದರೆ 16ರ ಒಳಗೇ ಒಳ್ಳೆಯದು ಅಂತ ಅದೂ ಹೇಳುತ್ತದೆ. 16 ದಾಟಿದ ಮೇಲೆ ಎಷ್ಟು ಲಾಭ ಉಳಿಯುತ್ತದೆ ಅನ್ನುವುದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ನನ್ನ ಹತ್ತಿರ 18 ವಾರಕ್ಕೆ ಬಂದವರಿಗೂ ನಾನು ಕೊಡುತ್ತೇನೆ. ಆದರೆ 12ಕ್ಕೆ ಕೊಟ್ಟಾಗ ಇರುವ ಭರವಸೆ ಆಗ ಇರುವುದಿಲ್ಲ.

ನಮ್ಮವಳಿಗೆ ಲೆಕ್ಕ ಹಾಕೋಣ. ಜೂನ್ 10ರಿಂದ ಎಣಿಸಿದರೆ 12 ವಾರ ತುಂಬುವುದು ಸೆಪ್ಟೆಂಬರ್ 2ಕ್ಕೆ. 16 ವಾರ ಸೆಪ್ಟೆಂಬರ್ 30ಕ್ಕೆ. ಅಂದರೆ ನನ್ನ ಕೈಯಲ್ಲಿರುವುದು ಬರೀ ನಾಲ್ಕು ವಾರ. ಅವತ್ತೇ ಸ್ಕ್ಯಾನ್ ಮಾಡಿಸಿದೆ, ಮಗುವಿನ ಅಳತೆ ಅವಳ ಕಾರಹುಣ್ಣಿಮೆಗೆ ಎರಡು ದಿನದ ವ್ಯತ್ಯಾಸದಲ್ಲಿ ಹೊಂದಿತು. ಹಾಗಾಗಿ ತಾರೀಖು ಬದಲಿಸಲಿಲ್ಲ. ಈ ಮೊದಲ ಸ್ಕ್ಯಾನ್ ಸುಮ್ನೆ ಅಲ್ಲ. ಮುಟ್ಟು ಹಿಂದೆ ಮುಂದೆ ಆಗುವವರಲ್ಲಿ 12 ವಾರ ಅಂದುಕೊಂಡದ್ದು 15 ಆಗಿರಬಹುದು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಬ್ಬ ಹೆಣ್ಣುಮಗಳಿಗೆ ಒಂಬತ್ತನೇ ವಾರದಲ್ಲಿ "ಮುಂದಿನ ಸಲ ಬಂದಾಗ ಆಸ್ಪಿರಿನ್ ಶುರುಮಾಡೋಣ" ಅಂತ ಬರೆದು ಕಳಿಸಿದೆ. ಅಷ್ಟರಲ್ಲಿ ಅವಳು ಊರಿಗೆ ಹೋದಳು, ಮಾವನಿಗೆ ಹುಷಾರಿರಲಿಲ್ಲ. ತಿರುಗಿ ಬಂದಾಗ 19 ವಾರ. 30ನೇ ವಾರಕ್ಕೆ ಬಿಪಿ ಏರಿತು. 12ಕ್ಕೆ ಕೊಟ್ಟಿದ್ದರೆ ಬರುತ್ತಿರಲಿಲ್ಲ ಅಂತ ಹೇಳಲಾರೆ. ಆದರೆ ಕೊಡಬೇಕಿತ್ತು, ಕೊಡಲಿಲ್ಲ. ಅವತ್ತಿನಿಂದ "ಮುಂದಿನ ಸಲ" ಅಂತ ಬರೆಯುವುದನ್ನು ಬಿಟ್ಟೆ. ಗುಳಿಗೆಯನ್ನು ಮೊದಲ ದಿನವೇ ಕೈಗೆ ಕೊಡುತ್ತೇನೆ, ಪೊಟ್ಟಣದ ಮೇಲೆ ಶುರುಮಾಡುವ ತಾರೀಖು ದೊಡ್ಡದಾಗಿ ಬರೆಯುತ್ತೇನೆ, ಅದನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲು ಹೇಳುತ್ತೇನೆ. ಕೊಡುವ ಮುಂಚೆ ಆಸ್ಪಿರಿನ್ ಅಲರ್ಜಿ, ನೋವಿನ ಗುಳಿಗೆ ನುಂಗಿದರೆ ಉಬ್ಬಸ ಬರುವುದು, ಹೊಟ್ಟೆಯ ಹುಣ್ಣು, ರಕ್ತಸ್ರಾವದ ಕಾಯಿಲೆ ಇವು ಇಲ್ಲ ಅಂತ ಖಾತ್ರಿ ಮಾಡಿಕೊಂಡಿರಬೇಕು. ಇವಳಿಗೆ ಯಾವುದೂ ಇರಲಿಲ್ಲ.

ಎಷ್ಟು ಕೊಡಬೇಕು ಅನ್ನುವುದರಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸ ಇದೆ. ವಿಶ್ವ ಆರೋಗ್ಯ ಸಂಸ್ಥೆ 75 ಮಿಲಿಗ್ರಾಂ ಅನ್ನುತ್ತದೆ, ಅಮೆರಿಕದಲ್ಲಿ ಸಿಗುವ ಗುಳಿಗೆಯೇ 81, ಬ್ರಿಟನ್ನಿನ ಸೂಚನೆ 75ರಿಂದ 150. ನಮ್ಮಲ್ಲಿ 75 ಮತ್ತು 150 ಎರಡೂ ಸಿಗುತ್ತವೆ. ಇವಳಂಥವರಿಗೆ ನಾನು ಆಸ್ಪ್ರೆಯಲ್ಲಿ ಕೊಟ್ಟಂತೆ 150 ಕೊಡುತ್ತೇನೆ, ರಾತ್ರಿ ಮಲಗುವಾಗ. ಕಡಿಮೆ ಪ್ರಮಾಣಕ್ಕೆ ಕೆಲವರ ಪ್ಲೇಟ್‌ಲೆಟ್‌ಗಳು ಸಾಕಷ್ಟು ಬಗ್ಗುವುದಿಲ್ಲ. ತಲೆನೋವಿಗೆ ನೀರಲ್ಲಿ ಕರಗಿಸಿ ಕುಡಿಯುವ 300ರ ಮೇಲಿನ ಗುಳಿಗೆ ಇದಲ್ಲ, ಅದನ್ನು ಮುರಿದು ಅರ್ಧ ನುಂಗುವುದೂ ಬೇಡ.

ಇನ್ನು ಪ್ರಿಎಕ್ಲಾಂಪ್ಸಿಯಾ ತಡೆಯಲು ಕೊಡುವ ಇನ್ನೊಂದು ಗುಳಿಗೆ, ಕ್ಯಾಲ್ಸಿಯಂ. ಆಸ್ಪಿರಿನ್ ಅಪಾಯ ಇರುವವರಿಗೆ ಮಾತ್ರ, ಕ್ಯಾಲ್ಸಿಯಂ ಎಲ್ಲ ಗರ್ಭಿಣಿಯರಿಗೂ. ಭಾರತ ಸರ್ಕಾರದ 2014ರ ಸೂಚನೆಯಂತೆ 14ನೇ ವಾರದಿಂದ ದಿನಕ್ಕೆ ಎರಡು ಗುಳಿಗೆ, ಒಂದೊಂದರಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ, ಹೆರಿಗೆಯಾಗಿ ಆರು ತಿಂಗಳವರೆಗೆ. ಸರ್ಕಾರಿ ದವಾಖಾನೆಯಲ್ಲಿ ಇದನ್ನು ದುಡ್ಡಿಲ್ಲದೆ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ 1,500ರಿಂದ 2,000 ಮಿಲಿಗ್ರಾಂ ಅಂತ ಹೇಳಿತ್ತು. ಅಷ್ಟಾದರೆ ದಿನಕ್ಕೆ ಮೂರು ನಾಲ್ಕು ದೊಡ್ಡ ಗುಳಿಗೆ. ಯಾರು ನುಂಗುತ್ತಾರೆ?

ಈ ಪ್ರಶ್ನೆಗೆ ಒಂದು ಉತ್ತರ ನಮ್ಮ ಬೆಂಗಳೂರಿನಿಂದಲೇ ಬಂತು. ಅಲ್ಲಿ 11,000 ಗರ್ಭಿಣಿಯರನ್ನು, ತಾಂಜಾನಿಯಾದಲ್ಲಿ ಅಷ್ಟೇ ಜನರನ್ನು ಸೇರಿಸಿ, ದಿನಕ್ಕೆ 500 ಮತ್ತು 1,500 ಮಿಲಿಗ್ರಾಂಗಳನ್ನು ಹೋಲಿಸಿದರು. 2024ರ ಜನವರಿಯಲ್ಲಿ ಫಲಿತಾಂಶ ಪ್ರಕಟವಾಯಿತು. ಬೆಂಗಳೂರಿನಲ್ಲಿ 500 ತೆಗೆದುಕೊಂಡವರಲ್ಲಿ ನೂರಕ್ಕೆ 3.0 ಜನಕ್ಕೆ ಪ್ರಿಎಕ್ಲಾಂಪ್ಸಿಯಾ ಬಂತು, 1,500 ತೆಗೆದುಕೊಂಡವರಲ್ಲಿ 3.6. ತಾಂಜಾನಿಯಾದಲ್ಲೂ ಪ್ರಿಎಕ್ಲಾಂಪ್ಸಿಯಾ ತಡೆಯುವುದರಲ್ಲಿ ಕಡಿಮೆ ಪ್ರಮಾಣ ಹಿಂದೆ ಬೀಳಲಿಲ್ಲ. ದಿನಕ್ಕೆ ಮೂರು ಗುಳಿಗೆಯ ಜಾಗದಲ್ಲಿ ಒಂದು ಸಾಕಾಗಬಹುದು ಅನ್ನುವುದು ದೊಡ್ಡ ಸಮಾಧಾನವೇ.

ಆದರೆ ಇದನ್ನು ಓದುವಾಗ ಎರಡು ವಿಷಯ ಮರೆಯಬಾರದು. ಒಂದು, ಆ ಪ್ರಯೋಗದಲ್ಲಿದ್ದವರೆಲ್ಲ ಚೊಚ್ಚಲ ಬಸಿರಿನವರು. ಹಿಂದಿನ ಬಸಿರಿನಲ್ಲಿ ಪ್ರಿಎಕ್ಲಾಂಪ್ಸಿಯಾ ಆದ ನಮ್ಮವಳಂಥವರು ಅದರಲ್ಲಿ ಇರಲೇ ಇಲ್ಲ. ಎರಡು, ಕ್ಯಾಲ್ಸಿಯಂ ಕೊಡದೇ ಇದ್ದ ಗುಂಪು ಅದರಲ್ಲಿರಲಿಲ್ಲ. ಹಾಗಾಗಿ ಎರಡು ಪ್ರಮಾಣ ಸಮ ಅಂತ ಗೊತ್ತಾಯಿತೇ ಹೊರತು, ಕ್ಯಾಲ್ಸಿಯಂ ಎಷ್ಟು ಕಾಪಾಡುತ್ತದೆ ಅಂತ ಗೊತ್ತಾಗಲಿಲ್ಲ. ಹಳೆಯ ಸಣ್ಣ ಪ್ರಯೋಗಗಳಲ್ಲಿ ಲಾಭ ಬಹಳ ದೊಡ್ಡದಾಗಿ ಕಂಡಿತ್ತು. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಪ್ರಯೋಗದಲ್ಲಿ ಪ್ರಿಎಕ್ಲಾಂಪ್ಸಿಯಾ ಬರುವುದೇ ಅಷ್ಟಾಗಿ ಕಡಿಮೆಯಾಗಲಿಲ್ಲ, ಆದರೆ ಫಿಟ್ಸ್‌ನಂಥ ತೀವ್ರ ತೊಂದರೆಗಳು ಕಡಿಮೆಯಾದವು. ಹಿಂದೆ ಪ್ರಿಎಕ್ಲಾಂಪ್ಸಿಯಾ ಆದವರಿಗೆ ಬಸಿರಿಗೆ ಮುಂಚಿನಿಂದಲೇ ಕ್ಯಾಲ್ಸಿಯಂ ಕೊಟ್ಟು ನೋಡಿದ ಪ್ರಯೋಗವೂ ಇದೆ, 2019ರದ್ದು. ಅಲ್ಲಿಯೂ ಖಚಿತವಾದ ಲಾಭ ತೋರಲಿಲ್ಲ. ಹಾಗಾಗಿ ಅಪಾಯ ಇರುವ ಹೆಣ್ಣುಮಗಳಿಗೆ "ಕ್ಯಾಲ್ಸಿಯಂ ತಗೋತಿದ್ದಾಳಲ್ಲ, ಸಾಕು" ಅನ್ನುವಂತಿಲ್ಲ. ಆಸ್ಪಿರಿನ್ನಿನ ಜಾಗವನ್ನು ಅದು ತುಂಬುವುದಿಲ್ಲ. ನಾನು ಇವಳಿಗೆ ಸರ್ಕಾರದ ಸೂಚನೆಯಂತೆ ಎರಡು ಗುಳಿಗೆಯನ್ನೇ ಬರೆದೆ. ಇವಳ ಊಟ ನೋಡಿದರೆ ಬೇಕೇ ಬೇಕು. ಎರಡು ಹೊತ್ತು ಜೋಳದ ರೊಟ್ಟಿ, ಒಂದಿಷ್ಟು ಪಲ್ಯ, ಹಾಲು ಚಹಾದಲ್ಲಿ ಎಷ್ಟೋ ಅಷ್ಟೇ. ಜೋಳದಲ್ಲಿ ಕ್ಯಾಲ್ಸಿಯಂ ಕಡಿಮೆ.

ಗುಳಿಗೆ ಡಬ್ಬಿಯ ಮೇಲಿನ ಅಂಕಿ ಓದುವಾಗ ಒಂದು ಗೊಂದಲ ಆಗುತ್ತದೆ. ಕೆಲವದರ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ 1,250 ಮಿಲಿಗ್ರಾಂ ಅಂತ ಇರುತ್ತದೆ. ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಾತ್ರ. ಬರೀ 500 ಕಾರ್ಬೊನೇಟ್ ಅಂತ ಇದ್ದರೆ ಒಳಗಿರುವುದು 200. ನಮ್ಮವಳ ಗಂಡ ಎರಡನೇ ತಿಂಗಳು ಅಂಗಡಿಯಿಂದ ತಂದಿದ್ದು ಈ ಎರಡನೇ ಥರದ್ದು. ಖಾಲಿ ಪಟ್ಟಿ ತರಲು ಹೇಳಿದ್ದಕ್ಕೆ ಗೊತ್ತಾಯಿತು.

ಮೂರು ಥರ ಗುಳಿಗೆ ಅಂದಾಗ ಅತ್ತೆ ಗಾಬರಿಯಾದರು. ಮೂರನೆಯದು ಕಬ್ಬಿಣಾಂಶದ ಕೆಂಪು ಗುಳಿಗೆ. ಅವುಗಳನ್ನು ಎಲ್ಲ ಒಟ್ಟಿಗೆ ಅಂಗೈಯಲ್ಲಿ ಹಾಕಿಕೊಂಡು ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಹೀರಿಕೊಳ್ಳಲು ಬಿಡುವುದಿಲ್ಲ. ಹಾಗಾಗಿ ಮನೆಯ ದಿನಚರಿ ಕೇಳಿಕೊಂಡು ಹೀಗೆ ಮಾಡಿದೆವು. ಬೆಳಿಗ್ಗೆ ರೊಟ್ಟಿ ಉಂಡು ಕ್ಯಾಲ್ಸಿಯಂ. ಮಧ್ಯಾಹ್ನ ಉಂಡು ಎರಡು ತಾಸು ಬಿಟ್ಟು, ಚಹಾಕ್ಕೆ ಮುಂಚೆ, ಕೆಂಪು ಗುಳಿಗೆ. ರಾತ್ರಿ ಎಂಟೂವರೆಗೆ ಊಟದ ಜೊತೆ ಇನ್ನೊಂದು ಕ್ಯಾಲ್ಸಿಯಂ. ಮಲಗುವಾಗ, ಹತ್ತೂವರೆ ಹೊತ್ತಿಗೆ, ಆಸ್ಪಿರಿನ್. ಕ್ಯಾಲ್ಸಿಯಂ ಹೊಟ್ಟೆಯ ಆಮ್ಲವನ್ನು ತಗ್ಗಿಸುತ್ತದೆ, ಆಸ್ಪಿರಿನ್ ಗುಳಿಗೆಯ ಮೇಲಿನ ಪದರ ಆಮ್ಲದಲ್ಲಿ ಕರಗದಂತೆ ಮಾಡಿದ್ದು. ಅದಕ್ಕೇ ಇವೆರಡರ ನಡುವೆಯೂ ಸ್ವಲ್ಪ ಹೊತ್ತು ಇಟ್ಟೆ.

ಸೆಪ್ಟೆಂಬರ್ 2ಕ್ಕೆ ಶುರುಮಾಡಿದಳು. 9ಕ್ಕೆ ಫೋನ್ ಬಂತು. "ಬಾಯಾರ, ಇದು ಹಾರ್ಟಿನ ಗುಳಗಿ ಅಂತ ಔಷಧದ ಅಂಗಡ್ಯಾಂವ ಅಂದ. ಅತ್ತಿ ಬ್ಯಾಡ ಅನ್ನಾಕತ್ತಾರ, ಕೂಸಿಗೆ ರಕ್ತ ತೆಳುವಾಗತೈತಿ ಅಂತ." ನಾಲ್ಕು ದಿನ ಬಿಟ್ಟಿದ್ದಳು. ಈ ಮಾತು ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಅತ್ತೆಯನ್ನೇ ಫೋನಿಗೆ ಕರೆದೆ. "ಅವ್ವಾರ, ಹೃದಯಕ್ಕೂ ಕೊಡ್ತಾರ, ಇದಕ್ಕೂ ಕೊಡ್ತಾರ. ಹೋದ ಸಲ ಏಳು ತಿಂಗಳಿಗೆ ಆತಲ್ಲ, ಅದು ಆಗಬಾರದು ಅಂತ ಇದು." ಅವರಿಗೆ ಆ ಒಂಬತ್ತು ದಿನ ನೆನಪಿತ್ತು. ಆಮೇಲೆ ಅವರೇ ರಾತ್ರಿ ನೆನಪು ಮಾಡುತ್ತಿದ್ದರು.

ಬಿಡುವುದು ಎಷ್ಟು ದುಬಾರಿ ಅನ್ನುವುದಕ್ಕೂ ಆಸ್ಪ್ರೆಯಲ್ಲಿ ಲೆಕ್ಕ ಇದೆ. ನೂರಕ್ಕೆ 90ರಷ್ಟು ಅಥವಾ ಅದಕ್ಕಿಂತ ಜಾಸ್ತಿ ಗುಳಿಗೆ ನುಂಗಿದವರಲ್ಲಿ ಅಪಾಯ ಸುಮಾರು ಮುಕ್ಕಾಲು ಭಾಗ ಇಳಿಯಿತು. ಅದಕ್ಕಿಂತ ಕಡಿಮೆ ನುಂಗಿದವರಲ್ಲಿ ಇಳಿದದ್ದು ಅರ್ಧಕ್ಕೂ ಕಡಿಮೆ. ಒಂದು ರಾತ್ರಿ ಮರೆತರೆ ಮರುದಿನ ಎರಡು ನುಂಗಬೇಕಿಲ್ಲ, ಒಂದೇ ಸಾಕು. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಬದುಕಿರುವಷ್ಟು ದಿನ ಹಾಗೇ ಇರುತ್ತದೆ, ಹೊಸವು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಬರುತ್ತವೆ. ವಾರಗಟ್ಟಲೆ ಬಿಟ್ಟರೆ ಮಾತ್ರ ಎಲ್ಲ ಹೊಸವೇ ಆಗಿಬಿಡುತ್ತವೆ.

ಅಕ್ಟೋಬರ್ 19ಕ್ಕೆ ಜ್ವರ. ಪುಣೆಯಲ್ಲಾಗಲಿ ಮುಂಬೈಯಲ್ಲಾಗಲಿ ಮಳೆಗಾಲ ಮುಗಿಯುವ ಹೊತ್ತಿಗೆ ಡೆಂಗಿ ಇದ್ದೇ ಇರುತ್ತದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಆಸ್ಪಿರಿನ್ ಉಳಿದವನ್ನೂ ಕಟ್ಟಿಹಾಕುತ್ತದೆ, ರಕ್ತಸ್ರಾವ ಆಗಬಹುದು. ಮನೆ ಹತ್ತಿರದ ಡಾಕ್ಟರ್ ಹತ್ತಿರ ಹೋದಾಗ ತಾನು ಆಸ್ಪಿರಿನ್ ತೆಗೆದುಕೊಳ್ಳುತ್ತಿರುವುದನ್ನು ಅವಳು ಹೇಳಿರಲಿಲ್ಲ. ಅದೃಷ್ಟಕ್ಕೆ ಅವರು ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಕೊಟ್ಟಿದ್ದರು. ನನಗೆ ಗೊತ್ತಾದ ತಕ್ಷಣ ಆಸ್ಪಿರಿನ್ ನಿಲ್ಲಿಸಿದೆ. ಪರೀಕ್ಷೆಯಲ್ಲಿ ಡೆಂಗಿ ಅಂತ ಬಂತು, ಪ್ಲೇಟ್‌ಲೆಟ್ 88 ಸಾವಿರಕ್ಕೆ ಇಳಿಯಿತು. ಎರಡು ದಿನ ಆಸ್ಪತ್ರೆಯಲ್ಲಿದ್ದಳು. ಮತ್ತೆ 1.9 ಲಕ್ಷಕ್ಕೆ ಬಂದ ಮೇಲೆ, ನವೆಂಬರ್ 1ರಿಂದ ತಿರುಗಿ ಶುರುಮಾಡಿದೆವು. ಆಸ್ಪಿರಿನ್ ತೆಗೆದುಕೊಳ್ಳುವ ಗರ್ಭಿಣಿಗೆ ಮಳೆಗಾಲದಲ್ಲಿ ಜ್ವರ ಬಂದರೆ, ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತೇ ತಾನು ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದೇನೆ ಅನ್ನುವುದು. ಹಾಗೆಯೇ ಮೈಕೈ ನೋವಿಗೆ ಅಂತ ಐಬುಪ್ರೊಫೆನ್ ಥರದ ಗುಳಿಗೆ ನುಂಗಬಾರದು. ಬಸಿರಿನಲ್ಲಿ ಅದೇ ಬೇಡ, ಮೇಲಿಂದ ಅದು ಆಸ್ಪಿರಿನ್ನಿನ ಕೆಲಸಕ್ಕೂ ಅಡ್ಡ ಬರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಅನುಭವ ಇರುವವರೂ ಎಡವುವಂಥದ್ದು. ಆಸ್ಪಿರಿನ್‌ನಿಂದ ಕೆಲವರಿಗೆ ಎದೆಯುರಿ ಬರುತ್ತದೆ, ಬಸಿರಿನಲ್ಲಿ ಅದು ಹೇಗೂ ಇರುತ್ತದೆ. ಪ್ರಿಎಕ್ಲಾಂಪ್ಸಿಯಾದಲ್ಲಿ ಲಿವರ್ ಊದಿಕೊಂಡಾಗ ಬರುವ ನೋವೂ ಅದೇ ಜಾಗದಲ್ಲಿ, ಎದೆಗೂಡಿನ ಕೆಳಗೆ, ನಡುವೆ ಅಥವಾ ಬಲಕ್ಕೆ. "ಆಸಿಡಿಟಿ" ಅಂತ ಹೇಳಿ ಗುಲಾಬಿ ಬಣ್ಣದ ಔಷಧ ಕುಡಿಸಿ ಮಲಗಿಸಿದ ಹೆಣ್ಣುಮಗಳಿಗೆ ಬೆಳಗಾಗುವಷ್ಟರಲ್ಲಿ ಫಿಟ್ಸ್ ಬಂದದ್ದನ್ನು ನೋಡಿದ್ದೇನೆ. 20 ವಾರದ ಮೇಲೆ ಆ ಜಾಗದಲ್ಲಿ ನೋವು ಅಂದರೆ ಮೊದಲು ಬಿಪಿ, ಆಮೇಲೆ ಔಷಧ. 140/90 ಇದ್ದರೆ ಅವತ್ತೇ ಆಸ್ಪತ್ರೆ, 160/110 ಇದ್ದರೆ ಆ ಕ್ಷಣವೇ. ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದೇನೆ, ನನಗೆ ಬರುವುದಿಲ್ಲ ಅಂತ ಯಾರೂ ಕೂರಬಾರದು.

ಡಿಸೆಂಬರ್ ಕೊನೆಗೆ, ಏಳು ತಿಂಗಳಿಗೆ, ಕುಬಸ ಮಾಡಿ ತವರಿಗೆ ಕರೆದುಕೊಂಡು ಹೋಗುವುದು ಅಂತ ಆಯಿತು. ಹೋದ ಸಲ ಇದೇ ಹೊತ್ತಿಗೆ ಎಲ್ಲ ಕೆಟ್ಟಿದ್ದು. ಹೋಗಬೇಡ ಅಂತ ಹೇಳುವುದು ಸುಲಭ, ಆದರೆ ಇಲ್ಲಿ ಒಂದು ಕೋಣೆಯ ಮನೆ, ಗಂಡನಿಗೆ ರಾತ್ರಿ ಪಾಳಿ. ತವರುಮನೆಯೇ ಮೇಲು ಅಂತ ನನಗೂ ಅನ್ನಿಸಿತು. ಆದರೆ ಗುಳಿಗೆಯ ಜೊತೆ ಕಾಗದವೂ ಹೋಗಬೇಕು. ಕನ್ನಡದಲ್ಲೇ ಒಂದು ಪುಟ ಬರೆದುಕೊಟ್ಟೆ: ಮೊದಲ ಬಸಿರಿನಲ್ಲಿ ಏಳನೇ ತಿಂಗಳಿಗೆ ತೀವ್ರ ಪ್ರಿಎಕ್ಲಾಂಪ್ಸಿಯಾ, ಈಗ ರಾತ್ರಿ 150 ಆಸ್ಪಿರಿನ್, ಫೆಬ್ರವರಿ 17ಕ್ಕೆ 36 ವಾರ ತುಂಬುತ್ತದೆ, ಅವತ್ತು ನಿಲ್ಲಿಸಿ. ಹೆರಿಗೆಯವರೆಗೂ ಮುಂದುವರಿಸುವ ವೈದ್ಯರೂ ಇದ್ದಾರೆ, ಅದೂ ತಪ್ಪಲ್ಲ. ಆಸ್ಪಿರಿನ್‌ನಿಂದ ಹೆರಿಗೆ ಹೊತ್ತಿನ ರಕ್ತಸ್ರಾವ ತುಸು ಜಾಸ್ತಿಯಾಗಬಹುದು ಅಂತ ಕೆಲವು ಅಧ್ಯಯನಗಳಲ್ಲಿ ಕಂಡಿದೆ, ಅದಕ್ಕೆ ನಾನು ಆಸ್ಪ್ರೆಯಂತೆ 36ಕ್ಕೆ ನಿಲ್ಲಿಸುತ್ತೇನೆ. ಎರಡು ತಿಂಗಳ ಗುಳಿಗೆ ಇಲ್ಲಿಂದಲೇ ಕಟ್ಟಿಸಿದೆ. ಮನೆಯಲ್ಲಿ ಬಿಪಿ ನೋಡುವ ಯಂತ್ರವನ್ನು ಅಣ್ಣ ಕೊಡಿಸಿದ. ಐದು ನಿಮಿಷ ಬೆನ್ನು ಒರಗಿ ಕೂತು, ಪಾದ ನೆಲಕ್ಕೆ ಊರಿ, ತೋಳು ಎದೆಯ ಮಟ್ಟಕ್ಕೆ ಇಟ್ಟು ಅಳೆಯಬೇಕು ಅಂತ ಅವಳ ತಾಯಿಗೇ ಕಲಿಸಿದೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ದವಾಖಾನೆಯಲ್ಲಿ ಗರ್ಭಿಣಿಯರಿಗೆ ಡಾಕ್ಟರ್ ತಪಾಸಣೆ ಇರುತ್ತದೆ, ಅದಕ್ಕೂ ತಪ್ಪದೆ ಹೋದಳು.

31ನೇ ವಾರ ದಾಟಿತು. 34 ದಾಟಿತು. ಫೆಬ್ರವರಿ 24ಕ್ಕೆ 37 ವಾರ ತುಂಬಿತು, ಅದರ ಮರುದಿನ ಬಿಪಿ 146/94, ಮೂತ್ರದಲ್ಲಿ ಪ್ರೋಟೀನ್. ಪ್ರಿಎಕ್ಲಾಂಪ್ಸಿಯಾ ಬಂದೇ ಬಂತು. ಮೊದಲು ನೆನಪಿಟ್ಟುಕೊಳ್ಳಿ ಅಂದೆನಲ್ಲ, ಇದಕ್ಕೇ. ಆಸ್ಪಿರಿನ್ ಕೆಲವರಲ್ಲಿ ಪೂರ್ತಿ ತಡೆಯುತ್ತದೆ, ಇನ್ನು ಕೆಲವರಲ್ಲಿ ಮುಂದಕ್ಕೆ ತಳ್ಳುತ್ತದೆ. ಏಳನೇ ತಿಂಗಳಿಗೆ ಬರುವುದು ಮತ್ತು 37 ವಾರಕ್ಕೆ ಬರುವುದು ಒಂದೇ ಅಲ್ಲ. ವಿಜಯಪುರದ ಡಾಕ್ಟರು ಅವತ್ತೇ ನೋವು ಬರಿಸಿದರು. ಫೆಬ್ರವರಿ 26ಕ್ಕೆ ಹೆಣ್ಣುಮಗು, 2 ಕಿಲೋ 500 ಗ್ರಾಂ, ಹುಟ್ಟಿದ ತಕ್ಷಣ ಅತ್ತಿತು.

ಚೊಚ್ಚಲ ಬಸಿರಿನವರ ವಿಷಯ ಸ್ವಲ್ಪ ಬೇರೆ. ಅವರಿಗೆ ಹಿಂದಿನ ಕಥೆಯೇ ಇರುವುದಿಲ್ಲ. ಮುಂಚಿನಿಂದ ಬಿಪಿ, ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ, ಮೈಯ ರೋಗನಿರೋಧಕ ಶಕ್ತಿ ತನ್ನ ಮೈಯನ್ನೇ ಕೆಡಿಸುವ ಲೂಪಸ್ ಇದ್ದರೆ, ಅಥವಾ ಅವಳಿ ಮಕ್ಕಳಿದ್ದರೆ, ಒಂದೇ ಕಾರಣ ಸಾಕು ಆಸ್ಪಿರಿನ್‌ಗೆ. ಚೊಚ್ಚಲು, 35 ದಾಟಿದ ವಯಸ್ಸು, ಜಾಸ್ತಿ ತೂಕ, ತಾಯಿಗೋ ಅಕ್ಕತಂಗಿಗೋ ಹೀಗೆ ಆಗಿದ್ದು, ಇವುಗಳಲ್ಲಿ ಎರಡು ಸೇರಿದರೂ ಕೊಡುತ್ತಾರೆ. ಮುಂಬೈ, ಪುಣೆಯ ದೊಡ್ಡ ಸೆಂಟರುಗಳಲ್ಲಿ 11ರಿಂದ 14 ವಾರದ ನಡುವೆ ಮಗುವಿನ ಕತ್ತಿನ ಹಿಂಭಾಗವನ್ನು ಅಳೆಯುವ ಎನ್‌ಟಿ ಸ್ಕ್ಯಾನ್ ಜೊತೆಗೇ ಇನ್ನೊಂದು ತಪಾಸಣೆ ಮಾಡಬಹುದು. ಬಿಪಿಯ ಸರಾಸರಿ, ಗರ್ಭಕೋಶದ ರಕ್ತನಾಳದಲ್ಲಿ ರಕ್ತ ಹೇಗೆ ಹರಿಯುತ್ತದೆ ಅಂತ ನೋಡುವ ಡಾಪ್ಲರ್, ರಕ್ತದಲ್ಲಿ ಮಾಸುವಿನಿಂದ ಬರುವ ಪಿಎಲ್‌ಜಿಎಫ್ ಎಂಬ ಅಂಶ, ಇವನ್ನೆಲ್ಲ ಸೇರಿಸಿ ಅಪಾಯ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಎನ್‌ಟಿ ಸ್ಕ್ಯಾನ್ ಹೇಗೂ ಮಾಡಿಸುತ್ತೀರಿ, ಇದನ್ನೂ ಕೇಳಿ. ಅದರ ಉತ್ತರ ಬರುವುದು ಸರಿಯಾಗಿ ಆಸ್ಪಿರಿನ್ ಶುರುಮಾಡುವ ಹೊತ್ತಿಗೇ.

ಹೆರಿಗೆಯಾದ ನಾಲ್ಕನೇ ದಿನ ಅವಳ ಬಿಪಿ 152/96 ಆಯಿತು. ಹೆರಿಗೆಯ ನಂತರ ಬಿಪಿ ಏರುವುದು ಹೀಗೆ ನಾಲ್ಕಾರು ದಿನ ಬಿಟ್ಟೇ, ಬಾಣಂತಿ ಮನೆಗೆ ಬಂದ ಮೇಲೆ. ಮನೆಯಲ್ಲಿ ಯಂತ್ರ ಇದ್ದದ್ದಕ್ಕೆ ಗೊತ್ತಾಯಿತು. ಮೂರು ವಾರ ಬಿಪಿ ಗುಳಿಗೆ ತೆಗೆದುಕೊಂಡಳು, ಆಮೇಲೆ ತಾನಾಗೇ ಇಳಿಯಿತು. ಕ್ಯಾಲ್ಸಿಯಂ ಇನ್ನೂ ನಡೆದಿದೆ, ಆಗಸ್ಟ್ ಕೊನೆಯವರೆಗೆ. ಈ ಸಲದ ಡಿಸ್ಚಾರ್ಜ್ ಚೀಟಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಸಿ, ಪಡಿತರ ಚೀಟಿಯ ಜೊತೆ ಟ್ರಂಕಿನಲ್ಲಿ ಇಟ್ಟಿದ್ದೇನೆ ಅಂತ ಅತ್ತೆ ಫೋನ್ ಮಾಡಿ ಹೇಳಿದರು.